ಹ್ಯಾಟ್ರಿಕ್: ಮೂರರ ಲೆಕ್ಕ ಆಟದಿಂದ ಆಟಕ್ಕೆ ಬದಲಾದ ಬಗೆ

ಕನ್ನಡದಲ್ಲಿ ನಾವು ‘ಹ್ಯಾಟ್ರಿಕ್’ ಎಂದು ಒಂದೇ ಪದವಾಗಿ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಇದು ಎರಡು ಪದಗಳ ಜೋಡಿ. ಹ್ಯಾಟ್ ಎಂದರೆ ಟೊಪ್ಪಿಗೆ. ಟ್ರಿಕ್ ಎಂಬುದಕ್ಕೆ ಇಲ್ಲಿ ಮೋಸ ಅಥವಾ ಉಪಾಯ ಎಂಬ ಅರ್ಥವಿಲ್ಲ, ಕುಶಲತೆಯಿಂದ ಸಾಧಿಸಿದ ಕೆಲಸ ಎಂಬ ಅರ್ಥವಿದೆ. ಉಚ್ಚಾರಣೆಯ ಅನುಕೂಲಕ್ಕಾಗಿ ಎರಡು ಟಕಾರಗಳಲ್ಲಿ ಒಂದನ್ನು ಬಿಟ್ಟಾಗ ಟೊಪ್ಪಿಗೆಯೂ ಕಣ್ಮರೆಯಾಯಿತು; ಹೀಗಾಗಿ ಈ ಪದವನ್ನು ದಿನವೂ ಬಳಸುವ ಕನ್ನಡಿಗರಲ್ಲಿಯೂ ಅದರೊಳಗೆ ಟೊಪ್ಪಿಗೆಯಿದೆ ಎಂದು ಅರಿತವರು ಕಡಿಮೆ.

ಆ ಟೊಪ್ಪಿಗೆ ನಿಜವಾದದ್ದು. 1858ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದ ಹೈಡ್ ಪಾರ್ಕ್ ಮೈದಾನದಲ್ಲಿ ಆಲ್ ಇಂಗ್ಲೆಂಡ್ ಇಲೆವೆನ್ ಎಂಬ ವೃತ್ತಿಪರರ ತಂಡವು ಹ್ಯಾಲಮ್ ಮತ್ತು ಸ್ಟೇವ್ಲಿ ಊರುಗಳ ಆಟಗಾರರ ವಿರುದ್ಧ ಆಡುತ್ತಿತ್ತು. ಎಚ್. ಎಚ್. ಸ್ಟೀಫನ್ಸನ್ ಎಂಬ ಬೌಲರ್ ಸತತ ಮೂರು ಎಸೆತಗಳಲ್ಲಿ ಮೂರು ವಿಕೆಟ್ ಪಡೆದರು. ಆಗ ಅವರಿಗಾಗಿ ಹಣ ಸಂಗ್ರಹಿಸಿ, ಆ ಹಣದಲ್ಲಿ ಒಂದು ಟೊಪ್ಪಿಗೆಯನ್ನು ಕೊಂಡು ಉಡುಗೊರೆಯಾಗಿ ನೀಡಲಾಯಿತು. ಮುಂದೆ 1861–62ರಲ್ಲಿ ಆಸ್ಟ್ರೇಲಿಯಾಕ್ಕೆ ತೆರಳಿದ ಮೊದಲ ಇಂಗ್ಲಿಷ್ ತಂಡದ ನಾಯಕರಾದವರು ಇದೇ ಸ್ಟೀಫನ್ಸನ್. ಟೊಪ್ಪಿಗೆ ನೀಡಿದ ಏಳು ವರ್ಷಗಳ ನಂತರ, ಅಂದರೆ 1865ರಲ್ಲಿ, ‘ಹ್ಯಾಟ್ರಿಕ್’ ಎಂಬ ಪದ ಈ ಅರ್ಥದಲ್ಲಿ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಶೆಫೀಲ್ಡಿನ ಪಂದ್ಯದ ಬಗ್ಗೆ ಒಂದು ಮಾತನ್ನು ಸೇರಿಸಬೇಕು. ಆ ಕಾಲದ ವೃತ್ತಿಪರ ತಂಡಗಳು ಸ್ಥಳೀಯರೊಂದಿಗೆ ಸಮಬಲದ ಹೋರಾಟ ನಡೆಯಲೆಂದು ಎದುರಾಳಿಗಳಿಗೆ ಹೆಚ್ಚು ಆಟಗಾರರನ್ನು ಬಿಟ್ಟುಕೊಡುತ್ತಿದ್ದವು. ಸ್ಟೀಫನ್ಸನ್ ಅವರ ಎದುರು ಇದ್ದವರು ಇಪ್ಪತ್ತೆರಡು ಮಂದಿ. ಬ್ಯಾಟಿಂಗ್ ಬಾರದವರ ಸಾಲು ಅಷ್ಟು ಉದ್ದವಿದ್ದಾಗ ಸತತ ಮೂರು ವಿಕೆಟ್ ಪಡೆಯುವುದು ಇಂದಿನಷ್ಟು ಕಷ್ಟವಾಗಿರಲಾರದು ಎಂಬುದು ನನ್ನ ಅನಿಸಿಕೆ.

ಈಗ ಕ್ರಿಕೆಟಿನ ಹ್ಯಾಟ್ರಿಕ್ಕಿಗೆ ಏನೇನು ಬೇಕು ಎಂಬುದನ್ನು ಬಿಡಿಸಿ ನೋಡೋಣ. ವಿಕೆಟ್‌ಗಳು ಮೂರು ಇರಬೇಕು, ಮೂರೂ ಒಬ್ಬನೇ ಬೌಲರ್‌ನ ಖಾತೆಗೆ ಸೇರಬೇಕು, ಮತ್ತು ಆತ ಎಸೆದ ಸತತ ಮೂರು ಎಸೆತಗಳಲ್ಲಿಯೇ ಅವು ಬೀಳಬೇಕು. ಎರಡನೆಯ ಷರತ್ತಿನಲ್ಲಿ ಕಲಿಯುವವರು ಎಡವುವುದುಂಟು. ಬೌಲ್ಡ್, ಕ್ಯಾಚ್, ಎಲ್‌ಬಿಡಬ್ಲ್ಯು, ಸ್ಟಂಪ್ಡ್ ಮತ್ತು ಹಿಟ್ ವಿಕೆಟ್ ಬೌಲರ್‌ನ ಖಾತೆಗೆ ಸೇರುತ್ತವೆ; ರನೌಟ್ ಸೇರುವುದಿಲ್ಲ. ಮೊದಲ ಎಸೆತದಲ್ಲಿ ಬೌಲ್ಡ್, ಎರಡನೆಯದರಲ್ಲಿ ರನೌಟ್, ಮೂರನೆಯದರಲ್ಲಿ ಮತ್ತೆ ಬೌಲ್ಡ್ ಆದರೆ ಮೂರು ಎಸೆತಕ್ಕೆ ಮೂವರು ಪೆವಿಲಿಯನ್ ಸೇರಿದ್ದು ನಿಜವಾದರೂ ಬೌಲರ್‌ಗೆ ಹ್ಯಾಟ್ರಿಕ್ ಇಲ್ಲ. ಇಂಥದ್ದನ್ನು ‘ತಂಡದ ಹ್ಯಾಟ್ರಿಕ್’ ಎಂದು ಕರೆಯುವ ರೂಢಿಯಿದೆ, ಅಷ್ಟೇ.

ಇದಕ್ಕೆ ತಿರುಗುಮುರುಗಾದ ಪ್ರಸಂಗವೂ ಇದೆ. ವೈಡ್ ಎಸೆತದಲ್ಲಿ ಬ್ಯಾಟ್ಸ್‌ಮನ್ ಸ್ಟಂಪ್ ಆಗಬಹುದು, ಆ ವಿಕೆಟ್ ಬೌಲರ್‌ಗೇ ಸೇರುತ್ತದೆ, ಆದರೆ ಓವರಿನ ಆರು ಎಸೆತಗಳ ಲೆಕ್ಕಕ್ಕೆ ಆ ಎಸೆತ ಸೇರುವುದಿಲ್ಲ. 2014ರ ಐಪಿಎಲ್‌ನಲ್ಲಿ ರಾಜಸ್ಥಾನ ರಾಯಲ್ಸ್ ತಂಡದ ಪ್ರವೀಣ್ ತಾಂಬೆ ಕೋಲ್ಕತ್ತ ನೈಟ್ ರೈಡರ್ಸ್ ವಿರುದ್ಧ ಪಡೆದ ಹ್ಯಾಟ್ರಿಕ್ ಶುರುವಾದದ್ದು ಹೀಗೆಯೇ. ಮನೀಶ್ ಪಾಂಡೆ ವೈಡ್ ಎಸೆತಕ್ಕೆ ಸ್ಟಂಪ್ ಆದರು. ಮುಂದಿನ ಎರಡು ಎಸೆತಗಳಲ್ಲಿ ಯೂಸುಫ್ ಪಠಾಣ್ ಮತ್ತು ರಯಾನ್ ಟೆನ್ ಡುಶಾಟೆ ಔಟಾದರು. ಓವರಿನ ಲೆಕ್ಕದಲ್ಲಿ ಎರಡೇ ಎಸೆತ, ವಿಕೆಟ್ ಲೆಕ್ಕದಲ್ಲಿ ಮೂರು.

ಮೂರನೆಯ ಷರತ್ತಾದ ‘ಸತತ’ ಎಂಬುದರ ಅರ್ಥ ಇನ್ನೂ ಸೂಕ್ಷ್ಮವಾಗಿದೆ. ಅದು ಪಂದ್ಯದ ಸತತ ಎಸೆತಗಳಲ್ಲ, ಆ ಬೌಲರ್‌ನ ಸತತ ಎಸೆತಗಳು. 2006ರಲ್ಲಿ ಕರಾಚಿ ಟೆಸ್ಟಿನ ಮೊದಲ ಓವರಿನಲ್ಲಿಯೇ ಇರ್ಫಾನ್ ಪಠಾಣ್ ನಾಲ್ಕು, ಐದು ಮತ್ತು ಆರನೆಯ ಎಸೆತಗಳಲ್ಲಿ ಸಲ್ಮಾನ್ ಬಟ್, ಯೂನಿಸ್ ಖಾನ್ ಹಾಗೂ ಮೊಹಮ್ಮದ್ ಯೂಸುಫ್ ಅವರನ್ನು ಔಟ್ ಮಾಡಿದಾಗ ಯಾರಿಗೂ ಗೊಂದಲವಾಗಲಿಲ್ಲ, ಏಕೆಂದರೆ ಮೂರೂ ಎಸೆತಗಳು ಒಂದರ ಬೆನ್ನಿಗೊಂದು ಕಣ್ಣೆದುರೇ ನಡೆದವು. ಆದರೆ ಓವರ್ ಮುಗಿದರೆ ಚೆಂಡು ಇನ್ನೊಬ್ಬ ಬೌಲರ್‌ನ ಕೈಗೆ ಹೋಗುತ್ತದೆ. ಇನಿಂಗ್ಸ್ ಮುಗಿದರೆ ಬೌಲರ್ ತಾನೇ ಪೆವಿಲಿಯನ್ನಿನಲ್ಲಿ ಕೂರುತ್ತಾನೆ. ಅಷ್ಟು ಹೊತ್ತು ಅವನ ಲೆಕ್ಕ ನಿಂತಿರುತ್ತದೆಯೇ ಹೊರತು ಮುರಿಯುವುದಿಲ್ಲ.

1988ರ ಡಿಸೆಂಬರಿನಲ್ಲಿ ಪರ್ತ್‌ನಲ್ಲಿ ನಡೆದ ಆಸ್ಟ್ರೇಲಿಯಾ–ವೆಸ್ಟ್ ಇಂಡೀಸ್ ಟೆಸ್ಟ್ ಈ ನಿಯಮವನ್ನು ಅರಿಯಲು ಅತ್ಯುತ್ತಮ ಪಾಠ. ಮರ್ವ್ ಹ್ಯೂಸ್ ತಮ್ಮ 36ನೆಯ ಓವರಿನ ಕೊನೆಯ ಎಸೆತದಲ್ಲಿ ಕರ್ಟ್ಲಿ ಆಂಬ್ರೋಸ್ ಅವರನ್ನು ವಿಕೆಟ್ ಕೀಪರ್‌ಗೆ ಕ್ಯಾಚ್ ಕೊಡುವಂತೆ ಮಾಡಿದರು. ಬಳಿಕ ಇನ್ನೊಂದು ತುದಿಯಿಂದ ಬೌಲ್ ಮಾಡಿದ ಟಿಮ್ ಮೇ, ಗಸ್ ಲೋಗಿ ಅವರ ವಿಕೆಟ್ ಪಡೆದರು. ಹ್ಯೂಸ್ ಮತ್ತೆ ಚೆಂಡು ಹಿಡಿದು 37ನೆಯ ಓವರಿನ ಮೊದಲ ಎಸೆತದಲ್ಲಿಯೇ ಪ್ಯಾಟ್ರಿಕ್ ಪ್ಯಾಟರ್ಸನ್ ಅವರನ್ನು ಔಟ್ ಮಾಡಿದಾಗ ವೆಸ್ಟ್ ಇಂಡೀಸ್ 449 ರನ್ನಿಗೆ ಆಲೌಟಾಯಿತು. ನಂತರ ಆಸ್ಟ್ರೇಲಿಯಾ ಎಂಟು ವಿಕೆಟ್ ಕಳೆದುಕೊಂಡು 395 ರನ್ ಗಳಿಸಿ ಡಿಕ್ಲೇರ್ ಮಾಡಿಕೊಂಡಿತು. ವೆಸ್ಟ್ ಇಂಡೀಸ್ ಎರಡನೆಯ ಇನಿಂಗ್ಸ್ ಆರಂಭಿಸಿದಾಗ ಹ್ಯೂಸ್ ತಮ್ಮ ಮೊದಲ ಎಸೆತದಲ್ಲಿ ಗಾರ್ಡನ್ ಗ್ರೀನಿಜ್ ಅವರನ್ನು ಎಲ್‌ಬಿಡಬ್ಲ್ಯು ಬಲೆಗೆ ಕೆಡವಿದರು. ಒಂದು ಹ್ಯಾಟ್ರಿಕ್, ಮೂರು ಬೇರೆ ಬೇರೆ ಓವರ್, ಎರಡು ಇನಿಂಗ್ಸ್! ನಡುವೆ ಟಿಮ್ ಮೇ ಪಡೆದ ವಿಕೆಟ್ಟಾಗಲಿ, ಆಸ್ಟ್ರೇಲಿಯಾದ ಇಡೀ ಇನಿಂಗ್ಸ್ ಆಗಲಿ ಅದಕ್ಕೆ ಅಡ್ಡಿಯಾಗಲಿಲ್ಲ. ಇದು ಹ್ಯಾಟ್ರಿಕ್ ಎಂಬುದು ಸ್ವತಃ ಹ್ಯೂಸ್ ಅವರಿಗೆ ಆ ಕ್ಷಣದಲ್ಲಿ ಹೊಳೆದಿರಲಿಲ್ಲ. ಸೋಜಿಗವೆಂದರೆ, ಇದೇ ಸರಣಿಯ ಹಿಂದಿನ ಬ್ರಿಸ್ಬೇನ್ ಟೆಸ್ಟಿನಲ್ಲಿ ವೆಸ್ಟ್ ಇಂಡೀಸಿನ ಕರ್ಟ್ನಿ ವಾಲ್ಷ್ ಕೂಡ ಎರಡು ಇನಿಂಗ್ಸ್‌ಗಳಿಗೆ ಹರಡಿದ ಹ್ಯಾಟ್ರಿಕ್ ಪಡೆದಿದ್ದರು.

ಇಂಥ ಹ್ಯಾಟ್ರಿಕ್ಕನ್ನು ಗುರುತಿಸಬೇಕಾದರೆ ವಿಕೆಟ್ ಬಿದ್ದ ಕ್ರಮವನ್ನು ನೋಡಿದರೆ ಸಾಲದು, ಏಕೆಂದರೆ ಆ ಪಟ್ಟಿಯಲ್ಲಿ ಆಂಬ್ರೋಸ್ ಮತ್ತು ಪ್ಯಾಟರ್ಸನ್ ನಡುವೆ ಲೋಗಿ ಇರುತ್ತಾರೆ. ಸ್ಕೋರರ್‌ನ ಪುಸ್ತಕದಲ್ಲಿ ಆ ಬೌಲರ್‌ನ ಸಾಲನ್ನು ಮಾತ್ರ ಹಿಡಿದು, ಒಂದು ಓವರಿನ ಚೌಕದ ಕೊನೆಯ ಗುರುತಿನಿಂದ ಮುಂದಿನ ಚೌಕದ ಮೊದಲ ಗುರುತಿಗೆ ಕಣ್ಣು ಹಾಯಿಸಬೇಕು.

ಫುಟ್‌ಬಾಲ್ ಈ ಪದವನ್ನು ಎರವಲು ಪಡೆದಾಗ ಮೂರು ಷರತ್ತುಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿತು. ಒಬ್ಬನೇ ಆಟಗಾರ, ಒಂದೇ ಪಂದ್ಯದಲ್ಲಿ, ಮೂರು ಗೋಲು. ‘ಸತತ’ ಎಂಬುದು ಕೈಬಿಟ್ಟುಹೋಯಿತು. ಅದು ಬಿಟ್ಟುಹೋಗಲು ಕಾರಣ ಆಟದ ಸ್ವರೂಪದಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ಕ್ರಿಕೆಟ್ ಎಸೆತ ಎಸೆತವಾಗಿ ತುಂಡಾಗಿರುವ ಆಟ. ಪ್ರತಿ ತುಂಡನ್ನೂ ಎಣಿಸಬಹುದು, ಆದ್ದರಿಂದ ‘ಮುಂದಿನದು’ ಎಂಬ ಮಾತಿಗೆ ಖಚಿತ ಅರ್ಥವಿದೆ. ಫುಟ್‌ಬಾಲ್ ಹರಿಯುತ್ತಲೇ ಇರುವ ಆಟ. ಒಬ್ಬ ಆಟಗಾರನ ‘ಮುಂದಿನ ಅವಕಾಶ’ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂದು ಯಾರೂ ಗೆರೆ ಎಳೆಯಲಾರರು.

1966ರ ವಿಶ್ವಕಪ್ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯ ವಿರುದ್ಧ ಇಂಗ್ಲೆಂಡಿನ ಜೆಫ್ ಹರ್ಸ್ಟ್ 18, 101 ಮತ್ತು 120ನೆಯ ನಿಮಿಷಗಳಲ್ಲಿ ಗೋಲು ಹೊಡೆದರು. ಮೊದಲ ಮತ್ತು ಎರಡನೆಯ ಗೋಲುಗಳ ನಡುವೆ ಎಂಬತ್ತಕ್ಕೂ ಹೆಚ್ಚು ನಿಮಿಷಗಳ ಆಟ ನಡೆಯಿತು, ಬೇರೆಯವರಿಂದ ಗೋಲುಗಳೂ ಬಂದವು. ಆದರೂ ಅದು ಹ್ಯಾಟ್ರಿಕ್ಕೇ. 2022ರ ಫೈನಲ್‌ನಲ್ಲಿ ಫ್ರಾನ್ಸಿನ ಎಂಬಾಪೆ 80, 81 ಮತ್ತು 118ನೆಯ ನಿಮಿಷಗಳಲ್ಲಿ ಗೋಲು ಗಳಿಸಿದರು, ಅವುಗಳಲ್ಲಿ ಎರಡು ಪೆನಾಲ್ಟಿಯಿಂದ ಬಂದವು. ಆಟದ ನಡುವಿನ ಪೆನಾಲ್ಟಿ ಎಣಿಕೆಗೆ ಸೇರುತ್ತದೆ. ಹೆಚ್ಚುವರಿ ಸಮಯದ ನಂತರದ ಪೆನಾಲ್ಟಿ ಶೂಟೌಟ್‌ನಲ್ಲಿ ಅವರು ಹೊಡೆದ ಇನ್ನೊಂದು ಚೆಂಡೂ ಬಲೆಗೆ ಸೇರಿತು, ಆದರೆ ಅದು ಗೆದ್ದವರನ್ನು ನಿರ್ಧರಿಸುವ ಕ್ರಮವಷ್ಟೇ ಆದ್ದರಿಂದ ಅವರ ಗೋಲುಗಳ ಸಂಖ್ಯೆ ಮೂರೇ ಉಳಿಯಿತು.

ಬಿಟ್ಟುಹೋದ ಷರತ್ತನ್ನು ಜರ್ಮನರು ಬೇರೆ ರೂಪದಲ್ಲಿ ಹಿಂದಕ್ಕೆ ತಂದಿದ್ದಾರೆ. ಅಲ್ಲಿ ‘ಲೂಪೆನ್‌ರೈನರ್ ಹ್ಯಾಟ್ರಿಕ್’ ಎಂಬ ಮಾತಿದೆ, ಅಂದರೆ ಭೂತಗನ್ನಡಿ ಹಿಡಿದರೂ ದೋಷ ಕಾಣದ ಹ್ಯಾಟ್ರಿಕ್. ಮೂರು ಗೋಲುಗಳೂ ಪಂದ್ಯದ ಒಂದೇ ಅರ್ಧದಲ್ಲಿ ಬರಬೇಕು, ನಡುವೆ ಎರಡೂ ತಂಡಗಳ ಬೇರೆ ಯಾರೂ ಗೋಲು ಹೊಡೆದಿರಬಾರದು. ಈ ಅಳತೆಗೋಲಿನಲ್ಲಿ ಹರ್ಸ್ಟ್ ಅವರದ್ದೂ ನಿಲ್ಲುವುದಿಲ್ಲ, 108ನೆಯ ನಿಮಿಷದಲ್ಲಿ ಮೆಸ್ಸಿ ಗೋಲು ಹೊಡೆದದ್ದರಿಂದ ಎಂಬಾಪೆ ಅವರದ್ದೂ ನಿಲ್ಲುವುದಿಲ್ಲ. ಇಂಗ್ಲಿಷಿನಲ್ಲಿ ‘ಪರ್ಫೆಕ್ಟ್ ಹ್ಯಾಟ್ರಿಕ್’ ಎಂದಾಗ ಅರ್ಥವೇ ಬೇರೆ: ಎಡಗಾಲಿನಿಂದ ಒಂದು, ಬಲಗಾಲಿನಿಂದ ಒಂದು, ತಲೆಯಿಂದ ಒಂದು. ಅನುವಾದಿಸುವವರು ಇವೆರಡನ್ನೂ ‘ಪರಿಪೂರ್ಣ ಹ್ಯಾಟ್ರಿಕ್’ ಎಂದು ಬರೆದುಬಿಟ್ಟರೆ ಓದುಗರು ದಾರಿತಪ್ಪುವುದು ಖಂಡಿತ.

ಐಸ್ ಹಾಕಿಯಲ್ಲಿ ಟೊಪ್ಪಿಗೆ ಮತ್ತೆ ನಿಜದ ಟೊಪ್ಪಿಗೆಯಾಗಿದೆ. ಆಟಗಾರನೊಬ್ಬ ಮೂರನೆಯ ಗೋಲು ಹೊಡೆದರೆ ಪ್ರೇಕ್ಷಕರು ತಮ್ಮ ಟೊಪ್ಪಿಗೆಗಳನ್ನು ಮಂಜಿನ ಅಂಗಳಕ್ಕೆ ಎಸೆಯುತ್ತಾರೆ. ಅವನ್ನೆಲ್ಲ ಹೆಕ್ಕಿ ತೆಗೆಯುವವರೆಗೆ ಆಟ ನಿಲ್ಲುತ್ತದೆ. ಅಲ್ಲಿನ ಆಟಗಾರ ಗಾರ್ಡಿ ಹೌ ಅವರ ಹೆಸರಿನ ‘ಗಾರ್ಡಿ ಹೌ ಹ್ಯಾಟ್ರಿಕ್’ನಲ್ಲಂತೂ ಒಂದೇ ಜಾತಿಯ ಮೂರು ಎಂಬುದೂ ಉಳಿದಿಲ್ಲ, ಒಂದು ಗೋಲು, ಒಂದು ಗೋಲಿಗೆ ನೆರವು, ಒಂದು ಹೊಡೆದಾಟ ಸೇರಿದರೆ ಅದು ಪೂರ್ಣ.

ಕೊನೆಯದಾಗಿ, ‘ಒಬ್ಬನೇ ಆಟಗಾರ’ ಎಂಬ ಷರತ್ತು ಫುಟ್‌ಬಾಲಿನಲ್ಲಿ ಎಷ್ಟು ತೊಡಕಿನದಾಗಬಲ್ಲದು ಎಂಬುದನ್ನು ಗಮನಿಸಬೇಕು. ಗೋಲುಪೆಟ್ಟಿಗೆಯ ಮುಂದಿನ ನೂಕುನುಗ್ಗಲಿನಲ್ಲಿ ಚೆಂಡಿಗೆ ಕೊನೆಯದಾಗಿ ತಾಗಿದ ಕಾಲು ಯಾರದೆಂದು ತಿಳಿಯದಿದ್ದರೆ ಹ್ಯಾಟ್ರಿಕ್ಕೂ ತೂಗಾಡುತ್ತದೆ. 1930ರ ಮೊದಲ ವಿಶ್ವಕಪ್‌ನಲ್ಲಿ, ಜುಲೈ 17ರಂದು ಅಮೆರಿಕ ತಂಡವು ಪರಾಗ್ವೆಯನ್ನು 3–0 ಗೋಲುಗಳಿಂದ ಸೋಲಿಸಿತು. ಮೂರೂ ಗೋಲುಗಳು ಬರ್ಟ್ ಪಾಟೆನೋಡ್ ಅವರವು. ಆದರೆ ಎರಡನೆಯದನ್ನು ಕೆಲವು ದಾಖಲೆಗಳು ಸಹ ಆಟಗಾರ ಟಾಮ್ ಫ್ಲೋರಿ ಅವರ ಹೆಸರಿಗೆ ಬರೆದವು, ಕೆಲವು ಪರಾಗ್ವೆಯ ಸ್ವಂತ ಗೋಲು ಎಂದವು. ಹೀಗಾಗಿ ಎರಡು ದಿನಗಳ ನಂತರ ಮೆಕ್ಸಿಕೋ ವಿರುದ್ಧ ಮೂರು ಗೋಲು ಹೊಡೆದ ಅರ್ಜೆಂಟೀನಾದ ಗಿಯೆರ್ಮೋ ಸ್ಟಾಬಿಲೆ ಅವರನ್ನೇ ವಿಶ್ವಕಪ್‌ನ ಮೊದಲ ಹ್ಯಾಟ್ರಿಕ್ ಸಾಧಕ ಎಂದು ದೀರ್ಘಕಾಲ ಎಣಿಸಲಾಗಿತ್ತು. ಫಿಫಾ ತನ್ನ ದಾಖಲೆಯನ್ನು ತಿದ್ದಿ ಮೂರೂ ಗೋಲುಗಳನ್ನು ಪಾಟೆನೋಡ್ ಅವರಿಗೆ ಕೊಟ್ಟದ್ದು 2006ರಲ್ಲಿ. ಅವರು 1974ರಲ್ಲಿಯೇ ತೀರಿಕೊಂಡಿದ್ದರು.