ಅಕ್ಷ ಮೇಜಿನದೋ, ಚೌಕದ್ದೋ?

ಶಿರಸಿಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ಅಮೂರ್ತ ಬೀಜಗಣಿತದ ಪಾಠ ಆರಂಭಿಸುವ ದಿನ ನಾನು ಗ್ರೂಪ್‌ನ ವ್ಯಾಖ್ಯೆಯನ್ನು ಹಲಗೆಯ ಮೇಲೆ ಬರೆಯುವುದಿಲ್ಲ. ಒಣಗಿದ ಅಡಿಕೆ ಹಾಳೆಯನ್ನು ನೆನೆಸಿ, ಭಾರ ಹೇರಿ ಚಪ್ಪಟೆ ಮಾಡಿ ಕತ್ತರಿಸಿದ ಹತ್ತು ಸೆಂಟಿಮೀಟರ್ ಬಾಹುವಿನ ಚೌಕಗಳನ್ನು ಬೆಂಚಿಗೊಂದರಂತೆ ಹಂಚುತ್ತೇನೆ. ರಟ್ಟಿನ ಬದಲು ಹಾಳೆಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ರಟ್ಟಿನ ಎರಡು ಮೈಗಳೂ ಒಂದೇ ತೆರನಾಗಿರುತ್ತವೆ, ಆದರೆ ಹಾಳೆಯ ಒಳಮೈ ನುಣುಪು, ಹೊರಮೈ ಒರಟು. ಚೌಕ ಮಗುಚಿ ಬಿದ್ದಿದೆಯೋ ಇಲ್ಲವೋ ಎಂಬುದು ನೋಡದೆಯೇ ಬೆರಳಿಗೆ ತಿಳಿಯುತ್ತದೆ. ಇಲ್ಲಿ ‘ಗ್ರೂಪ್’ ಎಂಬ ಪದವನ್ನು ಹಾಗೆಯೇ ಉಳಿಸಿಕೊಳ್ಳುತ್ತೇನೆ, ಏಕೆಂದರೆ ನಮ್ಮ ಶಾಲಾ ಪುಸ್ತಕಗಳಲ್ಲಿ ‘ಗಣ’ ಎಂಬುದು ಆಗಲೇ ಬೇರೆ ಅರ್ಥಕ್ಕೆ ಸಂದುಹೋಗಿದೆ.

ಚೌಕದ ನಾಲ್ಕು ಮೂಲೆಗಳಿಗೆ ಕ, ಖ, ಗ, ಘ ಎಂದು ಹೆಸರಿಟ್ಟು, ಒಂದೊಂದು ಮೂಲೆಯ ಅಕ್ಷರವನ್ನು ಎರಡೂ ಮೈಗಳ ಮೇಲೆ ಬರೆಯಬೇಕು. ಬಳಿಕ ಬೆಂಚಿನ ಮೇಲೆ ಅಲುಗಾಡದಂತೆ ಅಂಟಿಸಿದ ಕಾಗದದಲ್ಲಿ ಚೌಕದ ಅಂಚನ್ನು ಗೆರೆ ಎಳೆದು ಗುರುತಿಸಿ, ಅದರ ಹೊರಗೆ ಎಡ ಮೇಲ್ಮೂಲೆಯಿಂದ ಆರಂಭಿಸಿ ಗಡಿಯಾರದ ದಿಕ್ಕಿನಲ್ಲಿ 1, 2, 3, 4 ಎಂದು ಸ್ಥಾನಗಳನ್ನು ಬರೆಯಬೇಕು. ಅಕ್ಷರಗಳು ಚೌಕದ ಜೊತೆ ಚಲಿಸುತ್ತವೆ, ಅಂಕಿಗಳು ಕಾಗದದ ಮೇಲೆ ನಿಂತಲ್ಲೇ ನಿಲ್ಲುತ್ತವೆ. ಈ ಭೇದವನ್ನು ಸಡಿಲವಾಗಿ ಹಿಡಿದರೆ ಏನಾಗುತ್ತದೆ ಎಂಬುದೇ ಈ ಬರಹದ ವಿಷಯ.

ಚೌಕವನ್ನು ಎತ್ತಿ, ಹೇಗೆ ಬೇಕಾದರೂ ತಿರುಗಿಸಿ, ಮತ್ತೆ ಅದೇ ಗೆರೆಯೊಳಗೆ ಸರಿಯಾಗಿ ಕೂರಿಸುವ ಪ್ರತಿಯೊಂದು ಬಗೆಯೂ ಚೌಕದ ಒಂದು ಸಮಮಿತಿ. ಇಂಥವು ಎಷ್ಟಿವೆ ಎಂಬುದನ್ನು ಎಣಿಸಲು ಕ ಮೂಲೆಯನ್ನು ಹಿಡಿದುಕೊಂಡರೆ ಸಾಕು. ಅದು ನಾಲ್ಕು ಸ್ಥಾನಗಳಲ್ಲಿ ಯಾವುದಕ್ಕಾದರೂ ಹೋಗಬಹುದು. ಅದು ನೆಲೆನಿಂತ ಮೇಲೆ ಅದರ ನೆರೆಯ ಖ ಮೂಲೆಗೆ ಎರಡೇ ಆಯ್ಕೆಗಳು ಉಳಿಯುತ್ತವೆ. ಆ ಎರಡು ನಿರ್ಧಾರವಾದೊಡನೆ ಗ ಮತ್ತು ಘ ಎಲ್ಲಿರಬೇಕೆಂಬುದು ತಾನಾಗಿಯೇ ನಿಶ್ಚಯವಾಗುತ್ತದೆ. ಹೀಗಾಗಿ ನಾಲ್ಕು ಅಕ್ಷರಗಳನ್ನು 24 ರೀತಿಯಲ್ಲಿ ಜೋಡಿಸಬಹುದಾದರೂ ಹಾಳೆಯನ್ನು ಹರಿಯದೆ ಪಡೆಯಬಹುದಾದವು 8 ಮಾತ್ರ. ಕತ್ತರಿಸುವಾಗ ಎದುರುಬದುರಿನ ಎರಡು ಬಾಹುಗಳು ಹನ್ನೊಂದು ಸೆಂಟಿಮೀಟರ್ ಆಗಿ ಚೌಕ ಆಯತವಾಗಿಬಿಟ್ಟರೆ ಎಂಟರಲ್ಲಿ ನಾಲ್ಕೇ ಉಳಿಯುತ್ತವೆ ಎಂಬುದನ್ನು ವಿದ್ಯಾರ್ಥಿಗಳು ಒಮ್ಮೆಯಾದರೂ ಕೈಯಾರೆ ಕಾಣಬೇಕು.

ಏನೂ ಮಾಡದೆ ಬಿಡುವುದನ್ನು e ಎಂದೂ, ಗಡಿಯಾರದ ದಿಕ್ಕಿನಲ್ಲಿ 90 ಡಿಗ್ರಿ ತಿರುಗಿಸುವುದನ್ನು r ಎಂದೂ, ನಡುವಿನ ಲಂಬ ಅಕ್ಷದ ಸುತ್ತ ದೋಸೆ ಮಗುಚಿದಂತೆ ಮಗುಚುವುದನ್ನು s ಎಂದೂ ಕರೆಯೋಣ. r ಎಂಬುದು 1ರಲ್ಲಿದ್ದುದನ್ನು 2ಕ್ಕೆ, 2ರಲ್ಲಿದ್ದುದನ್ನು 3ಕ್ಕೆ, 3ರಲ್ಲಿದ್ದುದನ್ನು 4ಕ್ಕೆ, 4ರಲ್ಲಿದ್ದುದನ್ನು 1ಕ್ಕೆ ಒಯ್ಯುತ್ತದೆ. s ಎಂಬುದು 1 ಮತ್ತು 2ರಲ್ಲಿದ್ದವನ್ನು ಪರಸ್ಪರ ಅದಲುಬದಲು ಮಾಡುತ್ತದೆ, 3 ಮತ್ತು 4ರಲ್ಲಿದ್ದವನ್ನೂ ಹಾಗೆಯೇ. ಎರಡೂ ವಾಕ್ಯಗಳು ಸ್ಥಾನಗಳ ಕುರಿತಾಗಿ ಮಾತ್ರ ಹೇಳುತ್ತವೆ. ಅಲ್ಲಿ ಆ ಹೊತ್ತಿಗೆ ಯಾವ ಅಕ್ಷರ ಕುಳಿತಿದೆ ಎಂಬುದನ್ನು ಕೇಳುವುದೇ ಇಲ್ಲ.

ಈಗ ಮೊದಲು r, ಆಮೇಲೆ s ಮಾಡೋಣ. 1ರಲ್ಲಿದ್ದ ಕ ಮೊದಲು 2ಕ್ಕೆ ಹೋಗಿ, ಬಳಿಕ 1ಕ್ಕೇ ಮರಳುತ್ತದೆ. ಖ 2ರಿಂದ 3ಕ್ಕೆ, ಅಲ್ಲಿಂದ 4ಕ್ಕೆ. ಗ 3ರಿಂದ 4ಕ್ಕೆ ಹೋಗಿ 3ಕ್ಕೆ ಮರಳುತ್ತದೆ. ಘ 4ರಿಂದ 1ಕ್ಕೆ, ಅಲ್ಲಿಂದ 2ಕ್ಕೆ. ಅಂದರೆ ಕ ಮತ್ತು ಗ ಕದಲದೆ ಉಳಿದು, ಖ ಮತ್ತು ಘ ಸ್ಥಾನ ಬದಲಿಸಿವೆ. ಇದು 1–3 ಕರ್ಣದ ಸುತ್ತ ಮಗುಚಿದಂತೆ. ಕ್ರಮವನ್ನು ತಿರುವುಮುರುವು ಮಾಡಿ ಮೊದಲು s, ಆಮೇಲೆ r ಎಂದರೆ ಕ 1ರಿಂದ 2ಕ್ಕೆ, ಅಲ್ಲಿಂದ 3ಕ್ಕೆ ಹೋಗುತ್ತದೆ. ಗ 3ರಿಂದ 4ಕ್ಕೆ, ಅಲ್ಲಿಂದ 1ಕ್ಕೆ ಬರುತ್ತದೆ. ಖ ಮತ್ತು ಘ ತಮ್ಮ ಜಾಗಕ್ಕೇ ಮರಳುತ್ತವೆ. ಇದು 2–4 ಕರ್ಣದ ಸುತ್ತ ಮಗುಚಿದಂತೆ. ಪೂರ್ಣಾಂಕಗಳ ಸಂಕಲನದಲ್ಲೇ ಬೆಳೆದ ವಿದ್ಯಾರ್ಥಿಗೆ ಕ್ರಮ ಬದಲಾದರೆ ಉತ್ತರವೂ ಬದಲಾಗುವುದನ್ನು ಇಷ್ಟು ಸಲೀಸಾಗಿ ತೋರಿಸುವ ಬೇರೊಂದು ಉದಾಹರಣೆ ನನಗೆ ತಿಳಿದಿಲ್ಲ; ಮಾತೃಕೆಗಳ ಗುಣಾಕಾರ ಇದನ್ನೇ ಹೇಳುತ್ತದಾದರೂ ಅಲ್ಲಿ ಲೆಕ್ಕದ ಗದ್ದಲದಲ್ಲಿ ಕಾರಣ ಮರೆಯಾಗುತ್ತದೆ.

ಒಮ್ಮೆ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಕೈಯೆತ್ತಿ, “ಸರ್, ನಂಗೆ ಎರಡೂ ಒಂದೇ ಬಂತು” ಎಂದಳು. “ಮತ್ತೊಮ್ಮೆ ಮಾಡಿ ತೋರಿಸು, ನೋಡುವ” ಎಂದೆ. ಅವಳು ಅವಸರಪಡದೆ ಮಾಡಿ ತೋರಿಸಿದಳು. ನಿಜವಾಗಿಯೂ ಎರಡು ಸಲವೂ ಕ ಮತ್ತು ಗ ಸ್ಥಾನ ಬದಲಿಸಿದ್ದವು, ಖ ಮತ್ತು ಘ ಅಲ್ಲೇ ಇದ್ದವು. ಕಾರಣ ಅವಳ ಚೌಕದ ಮೇಲೆಯೇ ಇತ್ತು. ಮಗುಚುವ ಅಕ್ಷ ಮರೆಯದಿರಲೆಂದು ಅವಳು ಅದನ್ನು ಪೆನ್ನಿನಿಂದ ಹಾಳೆಯ ಮೇಲೆ ಗೆರೆಯಾಗಿ ಎಳೆದುಕೊಂಡಿದ್ದಳು. r ಮಾಡಿದಾಗ ಆ ಗೆರೆಯೂ ಚೌಕದ ಜೊತೆ ತಿರುಗಿ ಅಡ್ಡವಾಯಿತು. ಆ ಅಡ್ಡ ಗೆರೆಯ ಸುತ್ತ ಮಗುಚಿದಾಗ ಕ 2ರಿಂದ 3ಕ್ಕೆ ಇಳಿಯಿತು, 1ಕ್ಕೆ ಮರಳಲಿಲ್ಲ. ತಿರುಗಿಸುವಾಗ ಮಾತ್ರ ಅವಳು ಮೇಲಿನಿಂದ ನೋಡಿದ ಗಡಿಯಾರದ ದಿಕ್ಕನ್ನೇ ಅನುಸರಿಸಿದ್ದಳು. ಹೀಗೆ r ಮೇಜಿನ ನಿಯಮದಂತೆಯೂ s ಚೌಕದ ನಿಯಮದಂತೆಯೂ ನಡೆದವು.

ಈ ತಪ್ಪನ್ನು ‘ಗಮನವಿಟ್ಟು ಮಾಡು’ ಎಂದು ತಿದ್ದಿ ಮುಂದೆ ಹೋಗುವುದು ಸುಲಭ, ಆದರೆ ಹಾಗೆ ಮಾಡಬಾರದು. ಅವಳ ವಿಧಾನದಲ್ಲಿ r ಮತ್ತು s ಯಾವಾಗಲೂ ಪರಿವರ್ತನೀಯವಾಗುತ್ತವೆ. ಅದನ್ನೇ ಮುಂದುವರಿಸಿ, r ಎಷ್ಟು ಸಲ, s ಎಷ್ಟು ಸಲ ಎಂಬ ಲೆಕ್ಕದಿಂದ ಎಂಟು ಅಡ್ಡಸಾಲು, ಎಂಟು ಕಂಬಸಾಲುಗಳ ಕೋಷ್ಟಕವನ್ನು ತುಂಬಿದರೆ ಪ್ರತಿ ಸಾಲಿನಲ್ಲಿ ಎಂಟೂ ಅಂಶಗಳು ಒಂದೊಂದೇ ಸಲ ಬರುತ್ತವೆ, ಅನನ್ಯತಾಂಶವಿರುತ್ತದೆ, ಪ್ರತಿಯೊಂದಕ್ಕೂ ವಿಲೋಮವಿರುತ್ತದೆ, ಸಹವರ್ತನೀಯ ಗುಣಕ್ಕೂ ಭಂಗ ಬರುವುದಿಲ್ಲ. ಅಂದರೆ ಅದೂ ಒಂದು ಗ್ರೂಪ್‌ನ ಕೋಷ್ಟಕವೇ. ಆದರೆ ಅದು ಚೌಕದ ಗ್ರೂಪ್ ಅಲ್ಲ. ನಾಲ್ಕು ಅಂಶಗಳ ಆವರ್ತ ಗ್ರೂಪ್ ಮತ್ತು ಎರಡು ಅಂಶಗಳ ಆವರ್ತ ಗ್ರೂಪ್ ಇವುಗಳನ್ನು ಅಕ್ಕಪಕ್ಕ ಇಟ್ಟು ಕಟ್ಟಿದ, ಎಂಟೇ ಅಂಶಗಳ ಇನ್ನೊಂದು ಗ್ರೂಪ್. ಎಂಟು ಅಂಶಗಳ ಗ್ರೂಪ್‌ಗಳು ರಚನೆಯ ದೃಷ್ಟಿಯಿಂದ ಒಟ್ಟು ಐದು ಬಗೆಯವು. ಅವಳು ಒಂದನ್ನು ಹುಡುಕಹೊರಟು ಇನ್ನೊಂದನ್ನು ಹಿಡಿದಿದ್ದಳು. ಗ್ರೂಪ್‌ನ ನಿಯಮಗಳನ್ನು ಒಂದೊಂದಾಗಿ ಪರೀಕ್ಷಿಸುವುದರಿಂದ ಈ ತಪ್ಪು ಎಂದಿಗೂ ಸಿಕ್ಕಿಬೀಳುವುದಿಲ್ಲ.

ಅದು ಸಿಕ್ಕಿಬೀಳುವುದು ಒಂದೇ ಸಮಮಿತಿಯನ್ನು ಎರಡು ಸಲ ಮಾಡಿದಾಗ. “ನಿನಗೆ ಸಿಕ್ಕಿದ ಸ್ಥಿತಿ 2–4 ಕರ್ಣದ ಸುತ್ತ ಮಗುಚಿದ್ದು ತಾನೇ? ಕರ್ಣದ ಎರಡು ತುದಿ ಹಿಡಿದು ಎರಡು ಸಲ ಮಗುಚು” ಎಂದೆ. ಚೌಕ ಮೊದಲಿನಂತೆ ಬಂದು ಕುಳಿತಿತು. “ಈಗ ನಿನ್ನ ವಿಧಾನದಲ್ಲಿ r, s, r, s ಮಾಡು.” ಅವಳು ಮಾಡಿದಾಗ ಕ 3ರಲ್ಲಿ, ಖ 4ರಲ್ಲಿ, ಗ 1ರಲ್ಲಿ, ಘ 2ರಲ್ಲಿ ಬಂದು ನಿಂತವು, ಚೌಕ ಅರ್ಧ ಸುತ್ತು ತಿರುಗಿತ್ತು. ಒಂದೇ ಸಮಮಿತಿಯನ್ನು ಎರಡು ಸಲ ಮಾಡಿದರೆ ಒಮ್ಮೆ e, ಇನ್ನೊಮ್ಮೆ r² ಬರುವುದು ಸಾಧ್ಯವಿಲ್ಲ. ಅವಳು ತುಸು ಹೊತ್ತು ಸುಮ್ಮನೆ ಹಾಳೆಯನ್ನೇ ನೋಡಿ, “ಗೆರೆ ಕಾಗದದ ಮೇಲೆ ಇರಬೇಕಿತ್ತು ಸರ್” ಎಂದಳು.

ಅವಳ ಮಾತು ಸರಿಯಾದರೂ ಅದೊಂದೇ ದಾರಿಯಲ್ಲ. ಅಕ್ಷವನ್ನೂ ತಿರುಗುವ ದಿಕ್ಕನ್ನೂ, ಎರಡನ್ನೂ ಚೌಕದ ಮೇಲೆಯೇ ಗುರುತಿಸಿಕೊಂಡರೂ ನಡೆಯುತ್ತದೆ. ನುಣುಪು ಮೈಯ ಮೇಲೆ ಗಡಿಯಾರದ ದಿಕ್ಕಿಗೆ ಬಾಣದ ಗುರುತು ಹಾಕಿದರೆ, ಚೌಕ ಮಗುಚಿದ ಮೇಲೆ ಆ ಬಾಣ ಮೇಲಿನಿಂದ ನೋಡುವವರಿಗೆ ಅಪ್ರದಕ್ಷಿಣವಾಗುತ್ತದೆ. ಆಗ ಮೊದಲು s, ಆಮೇಲೆ ಬಾಣದಂತೆ r ಮಾಡಿದರೆ ಕ 1ರಲ್ಲೇ ಉಳಿದು ಖ 4ಕ್ಕೆ ಹೋಗುತ್ತದೆ. ಇದು ಮೇಜಿನ ನಿಯಮದಲ್ಲಿ ಮೊದಲು r, ಆಮೇಲೆ s ಮಾಡಿದಾಗ ದೊರೆತ ಉತ್ತರವೇ. ಪೂರ್ತಿ ಚೌಕದ ನಿಯಮವನ್ನೇ ಹಿಡಿದವರ ಉತ್ತರಗಳು ಮೇಜಿನ ನಿಯಮದ ಉತ್ತರಗಳ ತಿರುವು ಕ್ರಮವಾಗಿರುತ್ತವೆ, ಹೊರತು ತಪ್ಪಲ್ಲ. ಪಠ್ಯಪುಸ್ತಕಗಳಲ್ಲಿ sr ಎಂಬುದನ್ನು ಕೆಲವರು ಎಡದಿಂದಲೂ ಕೆಲವರು ಬಲದಿಂದಲೂ ಓದುವುದರಿಂದ ಈ ತಿರುವು ಬೇರೆ ಕಾರಣಕ್ಕೂ ಎದುರಾಗುತ್ತದೆ. ಕೆಡುವುದು ಒಂದಕ್ಕೆ ಮೇಜಿನ ನಿಯಮ, ಇನ್ನೊಂದಕ್ಕೆ ಚೌಕದ ನಿಯಮ ಬೆರೆಸಿದಾಗ ಮಾತ್ರ.

ಮೇಲಿನ ಬಾಣವೇ ಈ ಗ್ರೂಪ್‌ನ ಮುಖ್ಯ ಸಂಬಂಧವನ್ನೂ ಹೇಳಿಕೊಡುತ್ತದೆ. ಮಗುಚಿ, ಗಡಿಯಾರದ ದಿಕ್ಕಿನಲ್ಲಿ ತಿರುಗಿಸಿ, ಮತ್ತೆ ಮಗುಚಿದರೆ ಆ ತಿರುಗುವಿಕೆ ಅಡಿಯಿಂದ ನೋಡಿದಂತಾಗಿ ಅಪ್ರದಕ್ಷಿಣವಾಗುತ್ತದೆ. ಸ್ಥಾನಗಳಲ್ಲಿ ನೋಡಿದರೆ ಕ 1ರಿಂದ 2, 3 ದಾಟಿ 4ಕ್ಕೆ ಬರುತ್ತದೆ. ಅಂದರೆ

srs = r⁻¹ = r³

r⁴ = e, s² = e ಎಂಬವುಗಳ ಜೊತೆ ಇದೊಂದು ಸೇರಿದರೆ 64 ಮನೆಗಳ ಇಡೀ ಕೋಷ್ಟಕವನ್ನು ಹಾಳೆ ಮುಟ್ಟದೆ ತುಂಬಬಹುದು. ಸಹವರ್ತನೀಯ ಗುಣಕ್ಕಾಗಿ 512 ತ್ರಿವಳಿಗಳನ್ನು ಪರೀಕ್ಷಿಸಬೇಕಾಗಿಯೂ ಇಲ್ಲ, ಏಕೆಂದರೆ ಪ್ರತಿ ಸಮಮಿತಿಯೂ ಸ್ಥಾನಗಳಿಂದ ಸ್ಥಾನಗಳಿಗೆ ಒಂದು ಉತ್ಪನ್ನ. ಉತ್ಪನ್ನಗಳನ್ನು ಒಂದಾದ ಮೇಲೊಂದರಂತೆ ಮಾಡುವಾಗ ಆವರಣ ಎಲ್ಲಿ ಹಾಕಿದರೂ ಮೂಲೆ ಸಾಗುವ ದಾರಿ ಬದಲಾಗುವುದಿಲ್ಲ.

ತುಂಬಿದ ಕೋಷ್ಟಕವನ್ನು ತಿದ್ದುವಾಗ ನಾನು ಮೊದಲು ನೋಡುವುದು ಮುಖ್ಯ ಕರ್ಣದ ಎಂಟು ಮನೆಗಳನ್ನು, ಅಂದರೆ ಪ್ರತಿ ಅಂಶವನ್ನೂ ಅದರೊಡನೆಯೇ ಸಂಯೋಜಿಸಿದ ಉತ್ತರಗಳನ್ನು. ಚೌಕದಲ್ಲಿ e, r² ಮತ್ತು ನಾಲ್ಕು ಮಗುಚುವಿಕೆಗಳು ಎರಡು ಸಲ ಮಾಡಿದಾಗ e ಆಗುತ್ತವೆ, ಆದ್ದರಿಂದ ಅಲ್ಲಿ ಆರು e ಇರಬೇಕು. ಉಳಿದ ಎರಡು ಮನೆಗಳಲ್ಲಿ, r ಮತ್ತು r³ ಇರುವೆಡೆ, r² ಬರಬೇಕು. ನಾಲ್ಕೇ e ಕಂಡರೆ ಆ ವಿದ್ಯಾರ್ಥಿಯ ಚೌಕವನ್ನು ತರಿಸಿಕೊಂಡು, ಅದರ ಮೇಲೆ ಪೆನ್ನಿನ ಗೆರೆ ಇದೆಯೇ ಎಂದು ನೋಡುತ್ತೇನೆ.