ತಿರುಗಿಸಿ ಕನ್ನಡಿ ಹಿಡಿದರೆ ಏನಾಗುತ್ತದೆ?

ಪ್ರಶ್ನೆ: ಆಕೃತಿಯೊಂದನ್ನು ಒಂದು ಬಿಂದುವಿನ ಸುತ್ತ ತಿರುಗಿಸಿ, ಆಮೇಲೆ ಒಂದು ಗೆರೆಯಲ್ಲಿ ಪ್ರತಿಫಲಿಸಿದರೆ, ಎರಡೂ ಸೇರಿ ಇನ್ನೊಂದು ಪ್ರತಿಫಲನವೇ ಆಗುತ್ತದೆ ಅಲ್ವಾ?

ಕೆಲವೊಮ್ಮೆ ಮಾತ್ರ. ತಿರುಗಿಸುವ ಕೇಂದ್ರ ಕನ್ನಡಿ ಗೆರೆಯ ಮೇಲೇ ಇದ್ದರೆ ಹೌದು. ಇಲ್ಲದಿದ್ದರೆ ಸಿಗುವುದು ಗ್ಲೈಡ್ ರಿಫ್ಲೆಕ್ಷನ್, ಅಂದರೆ ಗೆರೆಯೊಂದರಲ್ಲಿ ಪ್ರತಿಫಲಿಸಿ ಅದೇ ಗೆರೆಯ ಉದ್ದಕ್ಕೂ ಸರಿಸುವುದು. ಮರಳಿನಲ್ಲಿ ನಡೆದವರ ಎಡ-ಬಲ ಹೆಜ್ಜೆಗುರುತುಗಳು ಹೀಗೇ ಸಾಗುತ್ತವೆ.

ಸಮತಲದಲ್ಲಿ ದೂರಗಳನ್ನು ಕೆಡಿಸದ ಚಲನೆಗಳು ನಾಲ್ಕೇ ಬಗೆ (ಏನೂ ಅಲುಗದ್ದನ್ನು ಬಿಟ್ಟು). ಸರಿಸುವುದು ಮತ್ತು ತಿರುಗಿಸುವುದು ಎಡ-ಬಲವನ್ನು ಹಾಗೇ ಉಳಿಸುತ್ತವೆ. ಪ್ರತಿಫಲನ ಮತ್ತು ಗ್ಲೈಡ್ ರಿಫ್ಲೆಕ್ಷನ್ ಅದನ್ನು ಅದಲುಬದಲು ಮಾಡುತ್ತವೆ. ತಿರುಗಿಸಿ ಪ್ರತಿಫಲಿಸಿದಾಗ ಎಡ-ಬಲ ಒಮ್ಮೆ ಬದಲಾಗುತ್ತದೆ. ಹಾಗಾಗಿ ಉತ್ತರ ಕೊನೆಯ ಎರಡರಲ್ಲೊಂದು. ಯಾವುದು ಅಂತ ತಿಳಿಯಲು, ಅಲುಗದೆ ಉಳಿಯುವ ಬಿಂದು ಇದೆಯೇ ಎಂದು ನೋಡಿ. ಕೇಂದ್ರ ಕನ್ನಡಿಯ ಮೇಲಿದ್ದರೆ ಅದು ಎರಡು ಸಲವೂ ಅಲುಗುವುದಿಲ್ಲ. ಗ್ಲೈಡ್‌ನಲ್ಲಾದರೋ ಯಾವ ಬಿಂದುವೂ ನಿಂತಲ್ಲಿ ನಿಲ್ಲುವುದಿಲ್ಲ.

ಒಂದು ಲೆಕ್ಕ ಮಾಡೋಣ. ಮೂಲಬಿಂದುವಿನ ಸುತ್ತ ಅಪ್ರದಕ್ಷಿಣವಾಗಿ 90° ತಿರುಗಿಸಿದರೆ (x, y) ಹೋಗಿ (−y, x) ಆಗುತ್ತದೆ. ಅದನ್ನು x = 1 ಗೆರೆಯಲ್ಲಿ ಪ್ರತಿಫಲಿಸಿದರೆ (2 + y, x). ಅಲುಗದ ಬಿಂದು ಬೇಕಾದರೆ x = 2 + y, y = x ಎರಡೂ ನಿಜವಾಗಬೇಕು. ಅದು ಸಾಧ್ಯವಿಲ್ಲ, ಹಾಗಾಗಿ ಇದು ಗ್ಲೈಡ್.

ಅದರ ಗೆರೆ ಎಲ್ಲಿದೆ? ಯಾವುದೇ ಬಿಂದು ಮತ್ತು ಅದು ಹೋಗಿ ಸೇರಿದ ಜಾಗ, ಇವುಗಳ ನಡುಬಿಂದು ಆ ಗೆರೆಯ ಮೇಲೇ ಬೀಳುತ್ತದೆ. ಸುಮ್ನೆ ಎರಡು ಬಿಂದು ತೆಗೆದುಕೊಳ್ಳಿ. (0, 0) ಹೋಗುವುದು (2, 0)ಗೆ, ನಡುಬಿಂದು (1, 0). (2, 0) ಹೋಗುವುದು (2, 2)ಗೆ, ನಡುಬಿಂದು (2, 1). ಇವೆರಡನ್ನೂ ಸೇರಿಸಿದರೆ y = x − 1. ನಡುಬಿಂದುಗಳು ಒಂದೇ ಆಗಿಬಿಟ್ಟರೆ ಬೇರೆ ಬಿಂದು ಆರಿಸಿಕೊಳ್ಳಿ. ಸರಿಯುವ ದೂರಕ್ಕೆ ಅದೇ ಚಲನೆಯನ್ನು ಎರಡು ಸಲ ಮಾಡಿ: (0, 0) ಈಗ (2, 2) ತಲುಪಿದೆ. ಎರಡು ಪ್ರತಿಫಲನಗಳು ಒಂದನ್ನೊಂದು ಅಳಿಸಿದ್ದರಿಂದ ಉಳಿದದ್ದು ಬರೀ ಸರಿತ. ಅದರ ಅರ್ಧ (1, 1), ಉದ್ದ √2.

ಇದರ ಹಿಂದಿನ ಉಪಾಯ ನನಗೆ ತುಂಬಾ ಇಷ್ಟ. 90° ತಿರುಗಿಸುವುದೆಂದರೆ 45° ಅಂತರದ ಎರಡು ಗೆರೆಗಳಲ್ಲಿ ಒಂದಾದ ಮೇಲೊಂದು ಪ್ರತಿಫಲಿಸಿದಂತೆ. ಆ ಜೋಡಿಯನ್ನು ಕೇಂದ್ರದ ಸುತ್ತ ಹೇಗೆ ಬೇಕಾದರೂ ತಿರುಗಿಸಿ ಇಟ್ಟುಕೊಳ್ಳಬಹುದು. ಎರಡನೆಯದು ಕನ್ನಡಿಗೆ ಸಮಾಂತರವಾಗಿರಲಿ: ಮೊದಲು y = x, ಆಮೇಲೆ x = 0. ಈಗ x = 0 ಮತ್ತು x = 1 ಸೇರಿ ಬಲಕ್ಕೆ 2 ಸರಿಸುತ್ತವೆ. ಆ ಸರಿತವನ್ನು (1, 1) + (1, −1) ಎಂದು ಒಡೆಯಿರಿ. (1, −1) ಭಾಗ y = x ಗೆರೆಗೆ ಲಂಬ, ಅದು ಗೆರೆಯನ್ನು ತನ್ನ ಅರ್ಧದಷ್ಟು ಜರುಗಿಸಿ y = x − 1 ಮಾಡುತ್ತದೆ. ಉಳಿದ (1, 1) ನಮ್ಮ ಗ್ಲೈಡ್.

ಕೇಂದ್ರದಿಂದ ಕನ್ನಡಿಗೆ ದೂರ d, ತಿರುಗಿಸುವ ಕೋನ θ ಆದರೆ, ಸರಿಯುವ ದೂರ 2d sin(θ/2). ಮೊದಲು ಪ್ರತಿಫಲಿಸಿ ಆಮೇಲೆ ತಿರುಗಿಸಿದರೂ ಈ ದೂರ ಇಷ್ಟೇ. ಆದರೆ ಗೆರೆ ಬದಲಾಗುತ್ತದೆ: ನಮ್ಮ ಲೆಕ್ಕದಲ್ಲಿ ಅದು y = 1 − x.