ನೋಟ ತಿರುಗಿದರೆ ಸಮತಲ ತಿರುಗುವುದಿಲ್ಲ

ಪುಣೆಯ ಭೋಸರಿ ಮತ್ತು ಚಾಕಣದ ಕಾರ್ಖಾನೆಗಳಿಗೆ ಫಿಕ್ಸ್ಚರ್ ನಕ್ಷೆಗಳನ್ನು ಮಾಡಿಕೊಡುವ ನನ್ನ ಬಳಿಗೆ ಡಿಪ್ಲೊಮಾ ಮುಗಿಸಿ ಬರುವ ವಿಜಯಪುರ, ಬೆಳಗಾವಿ ಕಡೆಯ ಹುಡುಗರು ಆಟೋಕ್ಯಾಡ್‌ನ ಆಜ್ಞೆಗಳನ್ನು ಚೆನ್ನಾಗಿಯೇ ಬಲ್ಲರು. ಆದರೂ ಓರೆಮುಖದ ಮೇಲೆ ಒಂದು ರಂಧ್ರ ಬರೆಯಿರೆಂದರೆ ಬಹುಪಾಲು ಎಲ್ಲರೂ ಒಂದೇ ಕಡೆ ಎಡವುತ್ತಾರೆ. `3DORBIT` ಬಳಸಿ ಮಾದರಿಯನ್ನು ತಿರುಗಿಸಿ, ಓರೆಮುಖ ಪರದೆಗೆ ಎದುರಾಗಿ ಕಂಡೊಡನೆ ಅಲ್ಲಿಯೇ ವೃತ್ತ ಎಳೆದುಬಿಡುತ್ತಾರೆ. ಅನಂತರ, "ಸರ್, ಮುಖ ನೆಟ್ಟಗ ಕಾಣಸ್ತೈತಿ, ಸರ್ಕಲ್ ಯಾಕ ಅಡ್ಡ ಬಿತ್ತ್ರಿ?" ಎಂದು ಕೇಳುತ್ತಾರೆ.

ತಿರುಗಿದ್ದು ನೋಟ ಮಾತ್ರ. ಬರೆಯುವಾಗ ಆಟೋಕ್ಯಾಡ್ ಅನುಸರಿಸುವ, ನಾವು ಬೇಕಾದಲ್ಲಿ ಕೂರಿಸಬಹುದಾದ ಅಕ್ಷವ್ಯವಸ್ಥೆಗೆ ಯುಸಿಎಸ್ ಎನ್ನುತ್ತಾರೆ. ವೃತ್ತ ಯಾವಾಗಲೂ ಆ ಕ್ಷಣದ ಯುಸಿಎಸ್‌ನ ಎಕ್ಸ್-ವೈ ಸಮತಲಕ್ಕೆ ಸಮಾಂತರವಾಗಿಯೇ ಬೀಳುತ್ತದೆ. ನೀವು ಎತ್ತಲಿಂದ ನೋಡುತ್ತಿದ್ದೀರಿ ಎಂಬುದು ಅದಕ್ಕೆ ಲೆಕ್ಕಕ್ಕಿಲ್ಲ. ಸ್ನ್ಯಾಪ್ ಇಲ್ಲದೆ ಮುಖದ ನಡುವೆ ಕ್ಲಿಕ್ ಮಾಡಿದರೆ ಆ ಬಿಂದು ಮುಖದ ಮೇಲೆ ಕೂತಂತೆ ಕಂಡರೂ ವಾಸ್ತವವಾಗಿ ಅದು ಕೆಳಗಿನ ಎಕ್ಸ್-ವೈ ಸಮತಲದಲ್ಲಿರುತ್ತದೆ. ಸ್ನ್ಯಾಪ್ ಹಿಡಿದರೆ ಕೇಂದ್ರವೇನೋ ಮುಖದ ಮೇಲೆ ಸರಿಯಾಗಿ ಕೂರುತ್ತದೆ, ವೃತ್ತ ಮಾತ್ರ ಅಡ್ಡಡ್ಡಲಾಗಿಯೇ ಮಲಗಿರುತ್ತದೆ.

ಒಂದು ಬೆಣೆಯಾಕಾರದ ತುಂಡನ್ನು ತೆಗೆದುಕೊಳ್ಳೋಣ. ತಳ 100 ಮಿ.ಮೀ., ಅಗಲ 60 ಮಿ.ಮೀ., ಮೇಲ್ಮುಖದ ಓರೆ 30 ಡಿಗ್ರಿ. ಕೆಳಗಿನ ಅಂಚಿನಿಂದ ಓರೆಯ ಮೇಲೆಯೇ ಅಳೆದು 60 ಮಿ.ಮೀ. ದೂರದಲ್ಲಿ, ಅಗಲದ ಮಧ್ಯದಲ್ಲಿ, ಮುಖಕ್ಕೆ ಲಂಬವಾಗಿ 12 ಮಿ.ಮೀ. ವ್ಯಾಸದ, 20 ಮಿ.ಮೀ. ಆಳದ ರಂಧ್ರ ಬೇಕು. ಆಟೋಕ್ಯಾಡ್‌ನ ಬದಲಾಗದ ಮೂಲ ವ್ಯವಸ್ಥೆಯಾದ ವರ್ಲ್ಡ್ ಯುಸಿಎಸ್‌ನಲ್ಲಿಯೇ 60 ಅಳೆದು ಬರೆದವನ ಕೇಂದ್ರ ಓರೆಯ ಮೇಲೆ 69.28 ಮಿ.ಮೀ. ದೂರಕ್ಕೆ ಹೋಗುತ್ತದೆ. ರಂಧ್ರ ನೆಟ್ಟಗೆ ಕೆಳಕ್ಕಿಳಿಯುವುದರಿಂದ ಅದರ ಬಾಯಿ 13.86 ಮಿ.ಮೀ. ಉದ್ದದ ಅಂಡಾಕಾರವಾಗುತ್ತದೆ. ಮೇಲಿನಿಂದ ನೋಡಿದರೆ ಈ ತಪ್ಪು ರಂಧ್ರವೇ ಗುಂಡಗೆ ಕಾಣುತ್ತದೆ. ಸರಿಯಾದದ್ದು 12ಕ್ಕೆ 10.39ರ ಅಂಡಾಕಾರವಾಗಿ ಕಾಣುತ್ತದೆ. ಟಾಪ್ ವ್ಯೂ ನೋಡಿ ಸಮಾಧಾನಪಡುವ ಪರಿಶೀಲಕರು ಸರಿಯಾದ ನಕ್ಷೆಯನ್ನೇ ತಿರಸ್ಕರಿಸಿ ಕಳಿಸಿದ್ದುಂಟು.

ಸರಿಯಾದ ಕ್ರಮ ಉದ್ದವೇನಲ್ಲ. ತಗ್ಗಿನ ಅಂಚು ನಿಮ್ಮ ಕಡೆಗೆ ಇರುವಂತೆ ನಿಂತು, `UCS` ಆಜ್ಞೆ ಕೊಟ್ಟು, ಎಂಡ್‌ಪಾಯಿಂಟ್ ಸ್ನ್ಯಾಪ್‌ನಿಂದ ಮೂರು ಬಿಂದುಗಳನ್ನು ಹಿಡಿಯಬೇಕು. ಮೊದಲು ಆ ಅಂಚಿನ ಎಡ ಮೂಲೆ, ಅದು ಮೂಲಬಿಂದು. ಅನಂತರ ಅದೇ ಅಂಚಿನ ಬಲ ಮೂಲೆ, ಅದು ಎಕ್ಸ್ ದಿಕ್ಕು. ಕೊನೆಗೆ ಓರೆಯ ಮೇಲ್ತುದಿಯ ಎಡ ಮೂಲೆ, ಅದು ವೈ ದಿಕ್ಕು. ಈ ಅನುಕ್ರಮದಲ್ಲಿ ಹಿಡಿದರೆ ಜೆಡ್ ಅಕ್ಷ ಮುಖದಿಂದ ಹೊರಕ್ಕೆ ಏಳುತ್ತದೆ. ಆಮೇಲೆ ಅಳತೆಗಳನ್ನು ನೇರವಾಗಿ ಟೈಪ್ ಮಾಡಬಹುದು, ತ್ರಿಕೋನಮಿತಿಯ ಗೋಜಿಲ್ಲ:

```
CIRCLE
30,60
6
```

ಜೆಡ್ ಹೊರಮುಖವಾಗಿರುವುದರಿಂದ ಆಳವನ್ನು -20 ಎಂದು ಕೊಟ್ಟು `EXTRUDE` ಮಾಡಿ, `SUBTRACT`ನಿಂದ ಕಳೆಯಬೇಕು. ಎಕ್ಸ್ ದಿಕ್ಕನ್ನು ಬಲದಿಂದ ಎಡಕ್ಕೆ ಹಿಡಿದಿದ್ದರೆ ಜೆಡ್ ಒಳಮುಖವಾಗುತ್ತದೆ, ಆಗ ಅದೇ -20 ಸಿಲಿಂಡರನ್ನು ಗಾಳಿಯಲ್ಲಿ ನಿಲ್ಲಿಸುತ್ತದೆ. ಮುಖವನ್ನು ನೇರವಾಗಿ ನೋಡಬೇಕೆಂದರೆ ಯುಸಿಎಸ್ ಕೂರಿಸಿದ ಮೇಲೆ `PLAN` ಕೊಡಿ. ಸಮತಲ ಮೊದಲು, ನೋಟ ಆಮೇಲೆ. ನಮ್ಮವರು ಮಾಡುವುದು ಇದರ ತಿರುವುಮುರುವು.

ಜಾಣರು ಕೆಲವರು ಕೈಯಿಂದ ನೋಟ ತಿರುಗಿಸಿ `UCS`ನ `View` ಆಯ್ಕೆ ಬಳಸುತ್ತಾರೆ. ಅದು ಸಮತಲವನ್ನು ಪರದೆಗೆ ಸಮಾಂತರ ಮಾಡುತ್ತದೆ ಎಂಬುದು ನಿಜ. ಆದರೆ ಕೈಯಿಂದ ತಿರುಗಿಸಿದ ಕೋನ ಕರಾರುವಾಕ್ಕಾಗಿ 30 ಡಿಗ್ರಿ ಆಗಿರುವುದು ಅಪರೂಪ, ಜೊತೆಗೆ ಮೂಲಬಿಂದು ಹಳೆಯ ಸ್ಥಾನದಲ್ಲಿಯೇ ಉಳಿಯುತ್ತದೆ. ಶೀರ್ಷಿಕೆಯ ಅಕ್ಷರ ಬರೆಯಲು ಅದು ಸಾಕು, ರಂಧ್ರಕ್ಕೆ ಸಾಲದು. `F6` ಒತ್ತಿದರೆ ಚಾಲೂ ಆಗುವ ಡೈನಾಮಿಕ್ ಯುಸಿಎಸ್ ಘನವಸ್ತುವಿನ ಸಮತಟ್ಟಾದ ಮುಖವನ್ನು ತಾನೇ ಹಿಡಿಯುತ್ತದೆ. ಆದರೆ ಆ ಒಂದು ಆಜ್ಞೆ ಮುಗಿದೊಡನೆ ಹಿಂದಿನ ಯುಸಿಎಸ್ ಮರಳುತ್ತದೆ. ಒಂದೇ ಮುಖದ ಮೇಲೆ ಹಲವು ರಂಧ್ರಗಳನ್ನು ಅಳತೆಯಿಂದ ಕೂರಿಸುವಾಗ ನಾನು ಅದನ್ನು ನಂಬುವುದಿಲ್ಲ.

ಅನುಮಾನವಿದ್ದರೆ ವೃತ್ತವನ್ನು ಎಕ್ಸ್‌ಟ್ರೂಡ್ ಮಾಡುವ ಮುನ್ನವೇ ಪರೀಕ್ಷಿಸಿ, ಏಕೆಂದರೆ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಆ ಬಳಿಕ ವೃತ್ತ ಉಳಿಯುವುದಿಲ್ಲ. `UCS` ಕೊಟ್ಟು `World`ಗೆ ಮರಳಿ, ವೃತ್ತವನ್ನು ಆರಿಸಿ, ಪ್ರಾಪರ್ಟೀಸ್‌ನಲ್ಲಿ `Normal Z` ನೋಡಿ. ಅದು 1 ಎಂದಿದ್ದರೆ ವೃತ್ತ ನೆಲಕ್ಕೆ ಸಮಾಂತರವಾಗಿದೆ ಎಂದರ್ಥ. ನಮ್ಮ ತುಂಡಿನಲ್ಲಿ ಅದು 0.866 ಇರಬೇಕು. ವರ್ಲ್ಡ್‌ಗೆ ಮರಳಿದರೆ ಬರೆದದ್ದೂ ವಾಲಿಬಿಡುತ್ತದೆಂದು ಹೆದರುವವರಿದ್ದಾರೆ. ಹಾಗೇನೂ ಆಗುವುದಿಲ್ಲ, ಪ್ರತಿ ವೃತ್ತವೂ ತನ್ನ ದಿಕ್ಕನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ವರ್ಲ್ಡ್‌ಗೆ ಮರಳುವ ಮುನ್ನ ಓರೆಯ ಯುಸಿಎಸ್‌ಗೆ `NAmed` ಆಯ್ಕೆಯಿಂದ ಹೆಸರಿಟ್ಟು ಉಳಿಸಿಕೊಂಡರೆ, ಗಿರಾಕಿ ಮರುವಾರ ರಂಧ್ರವನ್ನು ಎರಡು ಮಿ.ಮೀ. ಸರಿಸಿರೆಂದಾಗ ಮೂರು ಮೂಲೆಗಳನ್ನು ಮತ್ತೆ ಹುಡುಕಬೇಕಾಗುವುದಿಲ್ಲ.